ಎಸ್‌ಡಿಎ ಜ್ಯೇಷ್ಠತಾ ಪಟ್ಟಿಯಿಂದ ಮುಂಬಡ್ತಿಗೆ ಅರ್ಹರನ್ನು ಹೆಕ್ಕೋದು ಹೇಗೆ? ತಾರೀಖು ಮತ್ತು ಷರಾ ಕಾಲಂ ಗೊಂದಲ

ಕೋಡಿಬಾಗ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಜಿಲ್ಲಾ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿದ್ದೇನೆ. ಇಲಾಖೆ ಹೆಸರು ಬೇಡ. ನಮ್ಮಲ್ಲಿ ಎಸ್‌ಡಿಎಗಳಿಗೆ ಜಿಲ್ಲೆಯೇ ಜ್ಯೇಷ್ಠತಾ ಘಟಕ. ಈಗ ಮೂರು ಎಫ್‌ಡಿಎ ಹುದ್ದೆ ಮುಂಬಡ್ತಿಯಿಂದ ತುಂಬಬೇಕಿದೆ, ಮೇ ತಿಂಗಳ ಮಧ್ಯದಲ್ಲಿ ಡಿಪಿಸಿ ಸಭೆ. ರೋಸ್ಟರ್ ವಹಿ ನೋಡಿಯಾಗಿದೆ, ಮೂರೂ ಸಾಮಾನ್ಯ ಬಿಂದುಗಳೇ. ಆ ಚರ್ಚೆ ಇಲ್ಲಿ ಬೇಡ.

ನನ್ನ ಹತ್ತಿರ ಇರೋದು 01-01-2025ರಲ್ಲಿದ್ದಂತೆ ಪ್ರಕಟವಾದ ಅಂತಿಮ ಜ್ಯೇಷ್ಠತಾ ಪಟ್ಟಿ. ಪಿಡಿಎಫ್, 46 ಹೆಸರು. ಹೆಸರು, ಕೆಜಿಐಡಿ ನಂಬರ್, ಜನ್ಮ ದಿನಾಂಕ, ವಿದ್ಯಾರ್ಹತೆ, ಸೇವೆಗೆ ಸೇರಿದ ದಿನಾಂಕ, ಈ ವೃಂದಕ್ಕೆ ಸೇರಿದ ದಿನಾಂಕ, ಕೊನೆಗೆ ಷರಾ. ನಮ್ಮ ವೃಂದ ಮತ್ತು ನೇಮಕಾತಿ ನಿಯಮದ ಪ್ರಕಾರ ಎಸ್‌ಡಿಎ ಆಗಿ 5 ವರ್ಷ ಸೇವೆ ಆಗಿರಬೇಕು, ಪರೀಕ್ಷಾರ್ಥ ಅವಧಿ ತೃಪ್ತಿಕರವಾಗಿ ಮುಗಿದಿರಬೇಕು, ಇಲಾಖಾ ಪರೀಕ್ಷೆ ಪಾಸಾಗಿರಬೇಕು.

ಇದರಿಂದ ಅರ್ಹರನ್ನು ಹೆಕ್ಕಿ ಒಂದು ಹಾಳೆ ಮಾಡಿ ಡಿಪಿಸಿಗೆ ಇಡಬೇಕು. ಪಿಡಿಎಫ್‌ನಿಂದ ಎಕ್ಸೆಲ್‌ಗೆ ಹಾಕಿದರೆ ಹೆಸರುಗಳು ಅರ್ಥವಾಗದ ಅಕ್ಷರ ಆಗಿ ಬರ್ತಿವೆ, ತಾರೀಖುಗಳು ಕೆಲವು ಎಡಕ್ಕೆ ಕೆಲವು ಬಲಕ್ಕೆ ನಿಂತಿವೆ. ಷರಾ ಕಾಲಂನಲ್ಲಿ ಯಾವುದನ್ನು ಲೆಕ್ಕಕ್ಕೆ ತಗೋಬೇಕು ಅನ್ನೋದೇ ದೊಡ್ಡ ತಲೆನೋವು. ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳಿಯಾಳ ಹುಡುಗ

ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ ಸರ್? ಎಕ್ಸೆಲ್‌ನಲ್ಲಿ ಸೇವೆಗೆ ಸೇರಿದ ದಿನಾಂಕದ ಮೇಲೆ ಸಾರ್ಟ್ ಮಾಡಿ. ಹಳಬರು ಮೇಲೆ ಬರ್ತಾರೆ. ಆಮೇಲೆ ವಿದ್ಯಾರ್ಹತೆಯಲ್ಲಿ ಡಿಗ್ರಿ ಇರುವವರನ್ನು ಫಿಲ್ಟರ್ ಮಾಡಿ, ಯಾಕೆಂದರೆ ಎಫ್‌ಡಿಎಗೆ ಡಿಗ್ರಿ ಬೇಕೇ ಬೇಕು. ಮೇಲಿನ ಮೂವರು ಸಿಕ್ಕರು, ಮುಗೀತು.

ಸಿರ್ಸಿ ರಿಟೈರ್ಡ್

ತಮ್ಮಾ ಹಳಿಯಾಳ, ನೀನು ಹೇಳಿದ ಎರಡೂ ಕೆಲಸ ಮಾಡಿದರೆ ಸಭೆ ಮುಗಿದ ಮಾರನೇ ದಿನವೇ ಆಕ್ಷೇಪಣೆ ಬಂದು ಬೀಳುತ್ತೆ. ನಾನು ಸಿಬ್ಬಂದಿ ಶಾಖೆಯಲ್ಲೇ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು, ಇಂಥ ಕಡತ ಬಹಳ ನೋಡಿದ್ದೇನೆ.

ಮೊದಲು ಡಿಗ್ರಿ ವಿಷಯ. ಎಫ್‌ಡಿಎಗೆ ಡಿಗ್ರಿ ಬೇಕು ಅನ್ನೋದು ನೇರ ನೇಮಕಾತಿಗೆ. ಮುಂಬಡ್ತಿಗೆ ಏನು ಬೇಕು ಅಂತ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಬೇರೆಯೇ ಬರೆದಿರುತ್ತಾರೆ. ಕೋಡಿಬಾಗದವರು ಹೇಳಿದ ನಿಯಮದಲ್ಲಿ ಸೇವೆ, ಪರೀಕ್ಷಾರ್ಥ ಅವಧಿ, ಇಲಾಖಾ ಪರೀಕ್ಷೆ ಅಷ್ಟೇ ಇದೆ. ಡಿಗ್ರಿ ಇಲ್ಲ. ಅಂದಮೇಲೆ ಪಿಯುಸಿ ಮಾಡಿದ ಹಳೇ ಎಸ್‌ಡಿಎಯನ್ನು ಬಿಟ್ಟು ಕೆಳಗಿನ ಬಿ.ಎ. ಆದವರನ್ನು ಎತ್ತಿದರೆ ಅದು ಅನ್ಯಾಯ. ಪಟ್ಟಿಯ ವಿದ್ಯಾರ್ಹತೆ ಕಾಲಂ ನೋಡಿ ಮರುಳಾಗಬೇಡಿ. ಇಲ್ಲಿ ಅರ್ಹತೆ ಅಂದರೆ ಇಲಾಖಾ ಪರೀಕ್ಷೆ, ಅದರ ವಿವರ ಆ ಕಾಲಂನಲ್ಲಿ ಇರೋದೇ ಇಲ್ಲ. ಕೆಪಿಎಸ್‌ಸಿ ಫಲಿತಾಂಶದ ಅಧಿಸೂಚನೆ ನೋಡಿ ಸೇವಾ ಪುಸ್ತಕದಲ್ಲಿ ನಮೂದು ಆಗಿದೆಯಾ ಅಂತ ತಾಳೆ ಹಾಕಬೇಕು. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ 2012ರ ನಿಯಮಗಳಿವೆ, ಅದಕ್ಕೂ ಒಂದು ಕಾಲಂ ಇಟ್ಟುಕೊಳ್ಳಿ.

ಎರಡನೆಯದು ಸಾರ್ಟ್. ಜ್ಯೇಷ್ಠತಾ ಪಟ್ಟಿಯನ್ನು ಯಾವ ತಾರೀಖಿನ ಮೇಲೂ ಸಾರ್ಟ್ ಮಾಡಬಾರದು. ಅಂತಿಮ ಪಟ್ಟಿಯ ಕ್ರಮ ಸಂಖ್ಯೆಯೇ ಜ್ಯೇಷ್ಠತೆ. ಒಂದೇ ಬ್ಯಾಚಿನಲ್ಲಿ ನೇರ ನೇಮಕಾತಿ ಆದವರ ಸ್ಥಾನ ಆಯ್ಕೆ ಪಟ್ಟಿಯ ಕ್ರಮದಿಂದ ಬರುತ್ತೆ, ಯಾರು ಮೊದಲು ಬಂದು ಹಾಜರಾದರು ಅನ್ನೋದರಿಂದ ಅಲ್ಲ. ಆಯ್ಕೆ ಪಟ್ಟಿಯಲ್ಲಿ ಮೇಲಿರುವವರು ಕೊಟ್ಟ ಗಡುವಿನ ಒಳಗೆ ಎರಡು ವಾರ ತಡವಾಗಿ ಸೇರಿದರೂ ಮೇಲೇ ಇರ್ತಾರೆ.

ಕುಮಟಾ ಎಕ್ಸೆಲ್

ಸಿರ್ಸಿ ಸರ್ ನಿಯಮ ಹೇಳಿದರು, ನಾನು ಹಾಳೆ ವಿಷಯ ಹೇಳ್ತೇನೆ.

ಅರ್ಥವಾಗದ ಅಕ್ಷರ ಬರೋದು ಪಟ್ಟಿಯನ್ನು ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿರೋದರಿಂದ. ಯೂನಿಕೋಡ್ ಅಲ್ಲ. ಹಾಗಾಗಿ ‘ಕನ್ನಡ’ ಅಂತ ಇದ್ದದ್ದು ಕಾಪಿ ಮಾಡಿದಾಗ PÀ£ÀßqÀ ಅಂತ ಕಾಣುತ್ತೆ. ನುಡಿ ಅಥವಾ ಬರಹದ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಾಯಿಸಬಹುದು. ಆದರೆ ಇಡೀ ಹಾಳೆಯನ್ನು ಕನ್ವರ್ಟರ್‌ಗೆ ಹಾಕಬೇಡಿ. ಇಂಗ್ಲಿಷ್ ಫಾಂಟ್‌ನಲ್ಲೇ B.A., B.Com ಅಂತ ಟೈಪ್ ಮಾಡಿರೋದು ಕನ್ನಡದ ಅಕ್ಷರ ಆಗಿ ಕೆಟ್ಟುಹೋಗುತ್ತೆ. ಹೆಸರು ಮತ್ತು ಷರಾ ಕಾಲಂ ಮಾತ್ರ ಹಾಕಿ.

ತಾರೀಖು ಇನ್ನೂ ಅಪಾಯ. ನೀವು ಎಡಕ್ಕೆ ಕೆಲವು ಬಲಕ್ಕೆ ಕೆಲವು ಅಂದಿರಲ್ಲ, ಅದೇ ಗುರುತು. ನಿಮ್ಮ ಕಂಪ್ಯೂಟರ್ ತಾರೀಖನ್ನು ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ಅಂತ ಓದ್ತಿದೆ. ದಿನ 12ಕ್ಕಿಂತ ಜಾಸ್ತಿ ಇದ್ದರೆ ಅದಕ್ಕೆ ತಿಂಗಳು ಅಂತ ಅರ್ಥ ಆಗಲ್ಲ, ಹಾಗೇ ಅಕ್ಷರವಾಗಿ ಎಡಕ್ಕೆ ಬಿಡುತ್ತೆ. ದಿನ 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದಿನ, ತಿಂಗಳು ಅದಲುಬದಲು ಮಾಡಿ ಬಲಕ್ಕೆ ಕೂರಿಸುತ್ತೆ. ಎಡಕ್ಕಿರೋದು ಕಣ್ಣಿಗೆ ಬೀಳುತ್ತೆ. ಬಲಕ್ಕಿರೋದು ಸರಿಯಾಗಿ ಕಾಣುತ್ತೆ, ಆದರೆ ತಪ್ಪಿರೋದು ಅದೇ.

ಈಗ ಹಾಕಿರೋ ಹಾಳೆಯನ್ನು ತಿದ್ದೋಕೆ ಹೋಗಬೇಡಿ. ಹೊಸ ಹಾಳೆ ತೆಗೆದು ತಾರೀಖಿನ ಕಾಲಂಗಳನ್ನು ಮೊದಲೇ Text ಮಾಡಿ, ಆಮೇಲೆ ಅಂಟಿಸಿ. ಎಲ್ಲವೂ 07-03-2020 ಥರ ಎರಡಂಕಿ ದಿನ, ಎರಡಂಕಿ ತಿಂಗಳು ಇದ್ದರೆ ವೃಂದಕ್ಕೆ ಸೇರಿದ ದಿನಾಂಕ F ಕಾಲಂನಲ್ಲಿದೆ ಅಂದುಕೊಳ್ಳಿ, ಪಕ್ಕದ G ಕಾಲಂ ಖಾಲಿ ಬಿಟ್ಟು General ಮಾಡಿ, ಅದರಲ್ಲಿ ಇದನ್ನು ಹಾಕಿ:

```
=DATE(RIGHT(F2,4),MID(F2,4,2),LEFT(F2,2))
```

ಸಭೆಯ ತಾರೀಖನ್ನೂ =DATE(ವರ್ಷ,ತಿಂಗಳು,ದಿನ) ಅಂತಲೇ ಒಂದು ಕೋಶದಲ್ಲಿ, ಉದಾಹರಣೆಗೆ K1ರಲ್ಲಿ ಇಟ್ಟು, ಪೂರ್ತಿಯಾದ ವರ್ಷ ತೆಗೆಯಲು:

```
=DATEDIF(G2,$K$1,"Y")
```

ಅಂಟಿಸಿದ ಮೇಲೆ ಕ್ರಮ ಸಂಖ್ಯೆ 1ರಿಂದ 46ರವರೆಗೆ ಒಂದೂ ತಪ್ಪದೆ ಇದೆಯಾ ನೋಡಿ. ಷರಾ ಉದ್ದ ಇದ್ದರೆ ಎರಡನೇ ಸಾಲಿಗೆ ಇಳಿದು ಮುಂದಿನವರ ಹೆಸರಿನ ಎದುರು ಕೂತುಬಿಡುತ್ತೆ.

ಕೋಡಿಬಾಗ ಗುಮಾಸ್ತ

ಕುಮಟಾ ಸರ್, ಬಹಳ ಉಪಕಾರ ಆಯ್ತು. ಹೊಸ ಹಾಳೆ ಮಾಡಿದೆ. ಕ್ರ.ಸಂ. 6ರವರು ವೃಂದಕ್ಕೆ ಸೇರಿದ್ದು 07-03-2020, ಅಂದರೆ ಮಾರ್ಚ್ 7. ಹಳೇ ಹಾಳೆಯಲ್ಲಿ ಅದು ಜುಲೈ 3 ಆಗಿತ್ತು. ಮೇ ಮಧ್ಯಕ್ಕೆ ಅವರಿಗೆ 5 ವರ್ಷ 2 ತಿಂಗಳು ಆಗುತ್ತೆ. ಹಳೇ ಲೆಕ್ಕದಲ್ಲಿ 4 ವರ್ಷ 10 ತಿಂಗಳು ಅಂತ ತೋರಿಸಿ ಅನರ್ಹ ಆಗ್ತಿದ್ದರು.

ಕ್ರ.ಸಂ. 7ರವರು ಅದೇ ಬ್ಯಾಚ್. ಅವರು ಸೇರಿದ್ದು 20-02-2020. 6ರವರಿಗಿಂತ ಮೊದಲೇ ಸೇರಿದ್ದಾರೆ, ಆದರೆ ಆಯ್ಕೆ ಪಟ್ಟಿಯಲ್ಲಿ ಕೆಳಗೆ. ಹಳೇ ಹಾಳೆ ನಂಬಿದ್ದರೆ ಅಥವಾ ತಾರೀಖಿನ ಮೇಲೆ ಸಾರ್ಟ್ ಮಾಡಿದ್ದರೆ 7ರವರು 6ರವರನ್ನು ದಾಟಿ ಹೋಗ್ತಿದ್ದರು.

ಮೊದಲ ಏಳು ಜನರ ಸ್ಥಿತಿ ಈಗ ಹೀಗಿದೆ. 1ರವರು ಮುಂಬಡ್ತಿ ಬೇಡ ಅಂತ ಬರೆದುಕೊಟ್ಟಿದ್ದಾರೆ. ಭಟ್ಕಳಕ್ಕೋ ಜೋಯಿಡಾಕ್ಕೋ ಹಾಕಿಬಿಟ್ಟರೆ ಮನೆಯಲ್ಲಿ ವಯಸ್ಸಾದವರನ್ನು ಯಾರು ನೋಡಬೇಕು ಅನ್ನೋದು ಅವರ ಚಿಂತೆ. 2ರವರು ಎಲ್ಲದರಲ್ಲೂ ಸರಿ. 3ರವರಿಗೆ ಇಲಾಖಾ ಪರೀಕ್ಷೆಯ ಒಂದು ಪತ್ರಿಕೆ ಬಾಕಿ. 4ರವರು ಸರಿ. 5ರವರು 11-06-2018ಕ್ಕೆ ಸೇರಿದ್ದಾರೆ, ಪರೀಕ್ಷೆ ಪಾಸು, ಆದರೆ ಷರಾ ಖಾಲಿ. ಉಳಿದವರ ಷರಾದಲ್ಲಿ ‘ಪ.ಅ. ಘೋಷಣೆ’ ಅಂತ ಆದೇಶದ ತಾರೀಖು ಇದೆ, ಇವರಿಗೆ ಮಾತ್ರ ಇಲ್ಲ. ಮೂರನೇ ಹುದ್ದೆ 5ಕ್ಕೋ 6ಕ್ಕೋ ಅನ್ನೋದು ಇದರ ಮೇಲೆ ನಿಂತಿದೆ.

ಹಳಿಯಾಳ ಹುಡುಗ

ಸಾರ್ಟ್ ವಿಷಯ ಒಪ್ಪಿದೆ ಸರ್, ಹೊಸದು ಕಲಿತೆ. ಆದರೆ 5ರವರದ್ದು ಸುಲಭ ಅಲ್ವಾ? ಪರೀಕ್ಷಾರ್ಥ ಅವಧಿ 2 ವರ್ಷ. ಅವರು ಸೇರಿ ಹತ್ತಿರ ಹತ್ತಿರ 7 ವರ್ಷ ಆಯ್ತು. ಇಂಕ್ರಿಮೆಂಟ್ ಕೂಡ ಬರ್ತಾ ಇರುತ್ತೆ. ತಾನಾಗಿಯೇ ಮುಗಿದ ಹಾಗೇ ಲೆಕ್ಕ.

ಸಿರ್ಸಿ ರಿಟೈರ್ಡ್

ಅಲ್ಲ. 1977ರ ಪರೀಕ್ಷಾರ್ಥ ಅವಧಿ ನಿಯಮಗಳಲ್ಲಿ ಇದು ಸ್ಪಷ್ಟ ಇದೆ. ತೃಪ್ತಿಕರವಾಗಿ ಮುಗಿಸಿದ್ದಾರೆ ಅಂತ ನಿರ್ದಿಷ್ಟ ಆದೇಶ ಆಗದೆ ಮುಗಿಯಿತು ಅಂತ ಪರಿಗಣಿಸುವ ಹಾಗಿಲ್ಲ. ಎಷ್ಟೇ ವರ್ಷ ಕಳೆದರೂ ತಾನಾಗಿ ಆಗೋದಿಲ್ಲ.

ಆದರೆ ಷರಾ ಖಾಲಿ ಇದೆ ಅಂತ ಅವರನ್ನು ಅನರ್ಹ ಅಂತ ಬರೆಯಲೂ ಬೇಡಿ. ಖಾಲಿ ಷರಾಕ್ಕೆ ಮೂರು ಕಾರಣ ಇರಬಹುದು. ಆದೇಶ ಆಗಿದೆ, ಪಟ್ಟಿಗೆ ಬರೆಯೋದು ಬಿಟ್ಟುಹೋಗಿದೆ. ಅಥವಾ ತಾಲೂಕಿನಿಂದ ಪ್ರಸ್ತಾವನೆ ಬಂದಿದೆ, ಆದೇಶ ಆಗಿಲ್ಲ. ಅಥವಾ ಆ ಎರಡು ವರ್ಷದಲ್ಲಿ ಏನೋ ಆಗಿ ಅವಧಿ ವಿಸ್ತರಣೆ ಆಗಿದೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಪಟ್ಟಿಯಿಂದ ಇದು ಗೊತ್ತಾಗಲ್ಲ, ಸೇವಾ ಪುಸ್ತಕ ತರಿಸಲೇಬೇಕು.

ತರಿಸುವಾಗ ಕೆಜಿಐಡಿ ನಂಬರ್ ಬರೆದು ಕೇಳಿ, ಹೆಸರು ಮಾತ್ರ ಸಾಲದು. ನಮ್ಮ ಜಿಲ್ಲೆಯಲ್ಲಿ ನಾಯ್ಕ, ಗೌಡ, ಹೆಗಡೆ, ಭಟ್ಟ ಅಂತ ಇನಿಶಿಯಲ್ ಸಮೇತ ಒಂದೇ ಹೆಸರಿನವರು ಒಂದೇ ಪಟ್ಟಿಯಲ್ಲಿ ಇಬ್ಬರು ಮೂವರು ಸಿಗ್ತಾರೆ. ಒಬ್ಬರ ಪರೀಕ್ಷೆ ಇನ್ನೊಬ್ಬರ ಎದುರು ಬರೆದಿದ್ದನ್ನು ನಾನೇ ಕಂಡಿದ್ದೇನೆ.

ಪೂಜಗೇರಿ ಅಕ್ಕ

ನನ್ನದೂ ಒಂದು ಪ್ರಶ್ನೆ ಇದೆ, ಇಲ್ಲೇ ಕೇಳಬಹುದಾ? ನಾನು ಅಂಕೋಲೆಯಲ್ಲಿ ಎಸ್‌ಡಿಎ. ಎಫ್‌ಡಿಎ ಹುದ್ದೆ ಖಾಲಿ ಇದ್ದದ್ದರಿಂದ ನಿಯಮ 32ರಲ್ಲಿ ಪ್ರಭಾರ ಕೊಟ್ಟು ವರ್ಷಗಳೇ ಆದವು. ಕೆಲಸ ಪೂರ್ತಿ ಎಫ್‌ಡಿಎಯದ್ದೇ ಮಾಡ್ತಿದ್ದೇನೆ. ಆ ಸೇವೆ ನನ್ನ ಜ್ಯೇಷ್ಠತೆಗೆ ಸೇರಲ್ವಾ? ಪಟ್ಟಿಯ ಷರಾದಲ್ಲಿ ‘ನಿ.32 ಪ್ರಭಾರ’ ಅಂತ ಬರೆದಿದ್ದಾರೆ, ಅದನ್ನು ನೋಡಿ ನಾನು ಈಗಾಗಲೇ ಎಫ್‌ಡಿಎ ಲೆಕ್ಕ ಅಂದುಕೊಂಡಿದ್ದೆ.

ಸಿರ್ಸಿ ರಿಟೈರ್ಡ್

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ನಿಯಮ 32ರ ಪ್ರಭಾರದಿಂದ ಮೇಲಿನ ವೃಂದದಲ್ಲಿ ಜ್ಯೇಷ್ಠತೆ ಸಿಗೋದಿಲ್ಲ, ಮುಂಬಡ್ತಿಯ ಹಕ್ಕೂ ಬರೋದಿಲ್ಲ. ಆದರೆ ನಿಮಗೆ ನಷ್ಟವೂ ಇಲ್ಲ. ಪ್ರಭಾರದಲ್ಲಿದ್ದಷ್ಟು ದಿನವೂ ನೀವು ಎಸ್‌ಡಿಎ ವೃಂದದಲ್ಲೇ ಇದ್ದೀರಿ, ಆ ಸೇವೆ ಪೂರ್ತಿ 5 ವರ್ಷದ ಲೆಕ್ಕಕ್ಕೆ ಬರುತ್ತೆ. ನಿಮ್ಮ ಕ್ರಮ ಸಂಖ್ಯೆ ಎಷ್ಟು, ಪರೀಕ್ಷೆ ಆಗಿದೆಯಾ, ಅದನ್ನು ನೋಡಿಕೊಳ್ಳಿ.

ಕೋಡಿಬಾಗದವರಿಗೂ ಇದು ಬೇಕು. ಷರಾದಲ್ಲಿ ‘ನಿ.32’ ಅಂತ ಕಂಡ ಕೂಡಲೇ ಇವರಿಗೆ ಮುಂಬಡ್ತಿ ಆಗಿದೆ ಅಂತ ಬಿಟ್ಟುಬಿಡುವವರಿದ್ದಾರೆ. ಹಾಗೆ ಬಿಡಬೇಡಿ.

ಪೂಜಗೇರಿ ಅಕ್ಕ

ಸರಿ ಸರ್. ಪರೀಕ್ಷೆ ಆಗಿದೆ, ಸೇವಾ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ನಾಳೆ ನೋಡ್ತೇನೆ.

ಶರಾವತಿ ದಡ

ನಾನು ಹೊನ್ನಾವರದಿಂದ. 2011ರಲ್ಲಿ ಬಳ್ಳಾರಿಯಲ್ಲಿ ಎಸ್‌ಡಿಎ ಆದೆ. ಮದುವೆಯಾದ ಮೇಲೆ ಸ್ವಂತ ಕೋರಿಕೆ ಮೇಲೆ 2021ರಲ್ಲಿ ಉತ್ತರ ಕನ್ನಡಕ್ಕೆ ಬಂದೆ. ನಮ್ಮ ಇಲಾಖೆಯ ಪಟ್ಟಿಯಲ್ಲಿ ನನ್ನನ್ನು ಎಲ್ಲರಿಗಿಂತ ಕೆಳಗೆ ಹಾಕಿದ್ದಾರೆ, 2020ರಲ್ಲಿ ಸೇರಿದ ಮಕ್ಕಳೂ ನನಗಿಂತ ಮೇಲೆ. 10 ವರ್ಷದ ಕೆಲಸ ಸುಮ್ನೆ ನೀರಿಗೆ ಹೋಯ್ತಾ? 5 ವರ್ಷದ ಸೇವೆ ಅಂತ ನೋಡುವಾಗ ನನಗೆ 2026ರವರೆಗೆ ಕಾಯಬೇಕಾ?

ಕೋಡಿಬಾಗ ಗುಮಾಸ್ತ

ಮೇಡಂ, ನಮ್ಮ ಪಟ್ಟಿಯಲ್ಲೂ ಇಂಥ ಒಬ್ಬರು ಇದ್ದಾರೆ, ಕ್ರ.ಸಂ. 31. ಸೇವೆಗೆ ಸೇರಿದ ದಿನಾಂಕ ನೋಡಿದರೆ ಪಟ್ಟಿಯ ಮೇಲ್ಭಾಗದಲ್ಲಿ ಇರಬೇಕಾದವರು. ನನಗೂ ಇದೇ ಗೊಂದಲ.

ಸಿರ್ಸಿ ರಿಟೈರ್ಡ್

ಮೇಡಂ, ನೀವು ಕೇಳಿದ್ದರಲ್ಲಿ ಎರಡು ಬೇರೆ ಪ್ರಶ್ನೆ ಸೇರಿಕೊಂಡಿವೆ.

ಒಂದು, ಪಟ್ಟಿಯಲ್ಲಿ ಸ್ಥಾನ. 1957ರ ಜ್ಯೇಷ್ಠತಾ ನಿಯಮಗಳ 6ನೇ ನಿಯಮದ ಪ್ರಕಾರ ಸ್ವಂತ ಕೋರಿಕೆ ಮೇಲೆ ಬಂದವರು, ಬಂದ ದಿನ ಆ ವೃಂದದಲ್ಲಿ ಯಾರ್ಯಾರು ಇದ್ದರೋ ಅವರೆಲ್ಲರ ಕೆಳಗೆ ಕೂರಬೇಕು. ಅದು ಸರಿಯಾಗೇ ಆಗಿದೆ. ಅದೇ ಸಾರ್ವಜನಿಕ ಹಿತದಲ್ಲಿ ಸರ್ಕಾರವೇ ಕಳಿಸಿದ್ದರೆ ಲೆಕ್ಕ ಬೇರೆ. ಅದಕ್ಕೇ ಷರಾದಲ್ಲಿ ಬರೀ ‘ವರ್ಗಾವಣೆ’ ಅಂತ ಇದ್ದರೆ ಸಾಲದು, ಆದೇಶ ತೆಗೆದು ‘ಕೋರಿಕೆ ಮೇರೆಗೆ’ ಅಂತ ಇದೆಯಾ ನೋಡಬೇಕು. 2021ರ ನಂತರ ಈ ಜಿಲ್ಲೆಗೆ ಹೊಸದಾಗಿ ಸೇರಿದವರು ನಿಮ್ಮ ಕೆಳಗೆ ಇರಬೇಕು. ಅವರೂ ಮೇಲಿದ್ದರೆ ಆಗ ತಪ್ಪು, ಆಕ್ಷೇಪಣೆ ಕೊಡಿ.

ಎರಡು, 5 ವರ್ಷದ ಅರ್ಹತಾ ಸೇವೆ. ಜ್ಯೇಷ್ಠತೆ ಹೋದರೂ ಮಾಡಿದ ಸೇವೆ ಅಳಿಸಿಹೋಗಲ್ಲ. ಕೋರಿಕೆ ವರ್ಗಾವಣೆ ಮೇಲೆ ಬಂದವರ ಹಿಂದಿನ ಸೇವೆಯನ್ನು ಅರ್ಹತೆಗೆ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ವಿ.ಎಂ. ಜೋಸೆಫ್ ಪ್ರಕರಣದಲ್ಲಿ ಹೇಳಿದೆ. ಆ ಲೆಕ್ಕದಲ್ಲಿ ನಿಮಗೆ 5 ವರ್ಷ ಎಂದೋ ಮುಗಿದಿದೆ.

ಕುಮಟಾ ಎಕ್ಸೆಲ್

ಆದರೆ ಸರ್, ಅದು ಕೇಂದ್ರ ಸರ್ಕಾರದ ನೌಕರರ ಪ್ರಕರಣ ಅಲ್ವಾ? ನಮ್ಮ ಕೆಲವು ಇಲಾಖೆಗಳ ನಿಯಮದಲ್ಲಿ ಸೇವೆ ಎಲ್ಲಿ ಆಗಿರಬೇಕು ಅಂತ ಬೇರೆ ಮಾತು ಬರೆದಿದ್ದರೆ ಏನು ಮಾಡೋದು? ಆಗಲೂ ಈ ತೀರ್ಪು ಹಿಡಿದುಕೊಂಡು ಹೋಗಬಹುದಾ?

ಸಿರ್ಸಿ ರಿಟೈರ್ಡ್

ಒಳ್ಳೇ ಪ್ರಶ್ನೆ. ನಿಯಮದಲ್ಲಿ ಬರೀ ‘ಎಸ್‌ಡಿಎ ವೃಂದದಲ್ಲಿ’ ಅಂತ ಇದ್ದರೆ ನನ್ನ ಅಭಿಪ್ರಾಯದಲ್ಲಿ ಬಳ್ಳಾರಿಯ ಸೇವೆಯೂ ಸೇರುತ್ತೆ. ಘಟಕದ ಮಾತು ಬೇರೆ ಬರೆದಿದ್ದರೆ ಮೇಲಿನ ಕಚೇರಿಯಿಂದ ಸ್ಪಷ್ಟನೆ ಕೇಳೋದೇ ಸರಿ. ನಾನು ಇಲ್ಲಿ ಕೂತು ತೀರ್ಪು ಕೊಡಲ್ಲ. ಕೋಡಿಬಾಗದವರ ಕ್ರ.ಸಂ. 31ರ ವಿಷಯದಲ್ಲಿ ಹುದ್ದೆ ಇರೋದು ಮೂರೇ, ಸಭೆ ಅಲ್ಲಿಯವರೆಗೆ ಹೋಗೋದೇ ಇಲ್ಲ. ಹಾಳೆಯಲ್ಲಿ ಮೊದಲ ಸೇವೆ, ವೃಂದಕ್ಕೆ ಸೇರಿದ್ದು, ಜಿಲ್ಲೆಗೆ ಬಂದದ್ದು ಅಂತ ಮೂರು ತಾರೀಖನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಿ. ಮುಂದೆ ಅವರ ಸರದಿ ಬಂದಾಗ ಹುಡುಕಬೇಕಾಗಲ್ಲ.

ಶರಾವತಿ ದಡ

ಸ್ಥಾನ ಕೆಳಗೆ ಹೋಗುತ್ತೆ ಅಂತ ಗೊತ್ತಿದ್ದೇ ಬಂದೆ ಸರ್. ಆದರೆ ಸೇವೆಯೇ ಇಲ್ಲ ಅಂದಾಗ ಹೊಟ್ಟೆ ಉರಿಯುತ್ತೆ. ನಮ್ಮ ಇಲಾಖೆಯ ನಿಯಮದ ಪ್ರತಿ ತರಿಸಿ ಓದ್ತೇನೆ. ಧನ್ಯವಾದ.

ಹಳಿಯಾಳ ಹುಡುಗ

ಒಂದು ಅನುಮಾನ. ಪಟ್ಟಿ 01-01-2025ರಲ್ಲಿದ್ದಂತೆ. ಆ ದಿನಕ್ಕೆ ಲೆಕ್ಕ ಹಾಕಿದರೆ 6ರವರಿಗೂ 7ರವರಿಗೂ 5 ವರ್ಷ ಆಗಿಲ್ಲ. ಕುಮಟಾ ಸರ್ ಸಭೆಯ ತಾರೀಖು K1ರಲ್ಲಿ ಇಡಿ ಅಂದರು. ಯಾವುದು ಸರಿ?

ಕುಮಟಾ ಎಕ್ಸೆಲ್

ನಮ್ಮ ಕಚೇರಿಯಲ್ಲಿ ಸಭೆಯ ತಾರೀಖೇ ಹಿಡಿಯೋದು, ಅದಕ್ಕೇ ಹಾಗೆ ಹೇಳಿದೆ.

ಸಿರ್ಸಿ ರಿಟೈರ್ಡ್

ತಮ್ಮಾ, ಈ ಸಲ ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀಯ. ಪಟ್ಟಿಯ ತಲೆಯಲ್ಲಿರುವ ತಾರೀಖು ಪಟ್ಟಿಗೆ ಸೇರಿದ್ದು. ಆ ದಿನಕ್ಕೆ ಯಾರ ಸ್ಥಾನ ಎಲ್ಲಿತ್ತು ಅಂತ ಅಷ್ಟೇ ಅದು ಹೇಳುತ್ತೆ. ಅರ್ಹತೆಯನ್ನು ಯಾವ ದಿನಕ್ಕೆ ನೋಡಬೇಕು ಅಂತ ನಿಯಮದಲ್ಲೋ ಸುತ್ತೋಲೆಯಲ್ಲೋ ಇದ್ದರೆ ಅದೇ ಅಂತಿಮ. ಏನೂ ಇಲ್ಲದಿದ್ದರೆ ನಾವು ಮುಂಬಡ್ತಿಗೆ ಪರಿಗಣಿಸುವ ದಿನವನ್ನೇ ಹಿಡಿಯುತ್ತಿದ್ದೆವು. ಹುದ್ದೆ ಖಾಲಿಯಾದ ದಿನ ಹಿಡಿಯಬೇಕು ಅನ್ನುವವರೂ ಇದ್ದರು, ಅದಕ್ಕೂ ವಾದ ಇದೆ. ಗುಮಾಸ್ತರು ತಾವೇ ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಬಾರದು. ಎರಡೂ ತಾರೀಖಿಗೆ ಲೆಕ್ಕ ಹಾಕಿ ಅಕ್ಕಪಕ್ಕ ಇಡಿ, ಸಮಿತಿ ನಿರ್ಧಾರ ಮಾಡಲಿ.

ಕೆಲವು ನಿಯಮಗಳಲ್ಲಿ 5 ವರ್ಷ ಆದವರು ಸಿಗದಿದ್ದರೆ 3 ವರ್ಷ ಆದವರನ್ನು ಪರಿಗಣಿಸಬಹುದು ಅಂತಲೂ ಇರುತ್ತೆ. ನಿಮ್ಮದರಲ್ಲಿ ಆ ಸಾಲು ಇದೆಯಾ ನೋಡಿ.

ಕೋಡಿಬಾಗ ಗುಮಾಸ್ತ

ನಿಯಮ ಪೂರ್ತಿ ಓದಿದೆ. 3 ವರ್ಷದ ಸಾಲು ಇದೆ. ತಾರೀಖಿನ ಬಗ್ಗೆ ಏನೂ ಇಲ್ಲ, ಎರಡೂ ಲೆಕ್ಕ ಇಟ್ಟಿದ್ದೇನೆ.

5ರವರ ಸೇವಾ ಪುಸ್ತಕ ಜೋಯಿಡಾದಿಂದ ಬಂತು. ಸಿರ್ಸಿ ಸರ್ ಹೇಳಿದ ಎರಡನೇ ಕಾರಣವೇ. ಪರೀಕ್ಷಾರ್ಥ ಅವಧಿ ಘೋಷಣೆಗೆ ತಾಲೂಕು ಕಚೇರಿಯಿಂದ ಪ್ರಸ್ತಾವನೆ ಹೋಗಿದೆ, ಅದರ ಕಚೇರಿ ಪ್ರತಿ ಪುಸ್ತಕದ ಒಳಗೇ ಮಡಚಿ ಇಟ್ಟಿದೆ. ಆದೇಶ ಆಗಿಲ್ಲ. ಆ ಎರಡು ವರ್ಷದಲ್ಲಿ ಗೈರುಹಾಜರಿ ಇಲ್ಲ, ಇಲಾಖಾ ವಿಚಾರಣೆಯೂ ಇಲ್ಲ. ಅವರದ್ದೇನೂ ತಪ್ಪಿಲ್ಲದೆ ಅವರ ಹೆಸರು ಹಿಂದೆ ಬೀಳ್ತಿತ್ತು. ಎರಡು ವರ್ಷ ಮುಗಿದ ದಿನದಿಂದ ಜಾರಿಗೆ ಬರುವಂತೆ ಘೋಷಣೆಯ ಕಡತ ಮೇಲಿಟ್ಟಿದ್ದೇನೆ. ಸಭೆಯ ಒಳಗೆ ಸಹಿ ಆದರೆ 2, 4, 5. ಆಗದಿದ್ದರೆ ಏನು ಮಾಡೋದು? 6ರವರಿಗೆ ಕೊಟ್ಟುಬಿಟ್ಟರೆ 5ರವರಿಗೆ ಅನ್ಯಾಯ ಅಲ್ವಾ?

ಸಿರ್ಸಿ ರಿಟೈರ್ಡ್

ಸಹಿ ಆಗದಿದ್ದರೆ ಆ ಒಂದು ಹುದ್ದೆಯನ್ನು ಮುಂದಿನ ಸಭೆಗೆ ಇಡಲು ಟಿಪ್ಪಣಿಯಲ್ಲಿ ಕೇಳಿ. ಸಮಿತಿ ಒಪ್ಪುತ್ತೋ ಬಿಡುತ್ತೋ, ಕಾರಣ ಮಾತ್ರ ಕಾಗದದ ಮೇಲೆ ಇರಲಿ. 1 ಮತ್ತು 3ರವರನ್ನು ಯಾಕೆ ಬಿಟ್ಟಿರಿ ಅಂತಲೂ ಒಬ್ಬೊಬ್ಬರ ಎದುರು ಬರೆಯಿರಿ, ಸೇವಾ ಪುಸ್ತಕದ ಪುಟ ಸಂಖ್ಯೆ ಸಮೇತ. 3ರವರ ಬಾಕಿ ಪತ್ರಿಕೆಯ ಫಲಿತಾಂಶ ಬಂದಿದೆಯಾ ಅಂತ ಸಭೆಯ ಹಿಂದಿನ ದಿನ ಇನ್ನೊಮ್ಮೆ ನೋಡಿ. ಅವರು ಪಾಸಾಗಿದ್ದರೆ ಲೆಕ್ಕ ಮತ್ತೆ ಬದಲಾಗುತ್ತೆ, 2, 3, 4 ಆಗುತ್ತೆ.

ಕೋಡಿಬಾಗ ಗುಮಾಸ್ತ

3ರವರಿಗೆ ಇವತ್ತೇ ಫೋನ್ ಮಾಡಿ ಅವರ ನೋಂದಣಿ ಸಂಖ್ಯೆ ತಗೊಂಡಿದ್ದೇನೆ. ಕೆಪಿಎಸ್‌ಸಿ ಅಧಿಸೂಚನೆ ಬಂದ ಕೂಡಲೇ ತಾಳೆ ನೋಡ್ತೇನೆ. 5ರವರ ಕಡತ ಸಾಹೇಬರ ಮೇಜಿನ ಮೇಲಿದೆ.